ಎಂಟಕ್ಷರಕ್ಕೆ ಎರಡು ವರ್ಷ: ಬೇಕರಿ ಬೋರ್ಡಿನ ಒಂದು ಸಾಲು

'ಮುರಿದು ನೋಡಿ, ತೂಗಿಸಿ.' ನಮ್ಮ ಅಂಗಡಿಯ ಹೆಸರಿನ ಕೆಳಗೆ ಇರುವುದು ಇಷ್ಟೇ. ಇದನ್ನು ಹೇಳಿದಾಗ ಮನೆಯಲ್ಲಿ ಒಬ್ಬರೂ ಒಪ್ಪಲಿಲ್ಲ. "ಅಂಗಡಿ ಬೋರ್ಡಿನ ಮೇಲೆ ಮುರಿ ಅಂತ ಯಾರಾದ್ರೂ ಬರೀತಾರೇನೋ? ಅಪಶಕುನ" ಎಂದು ಚಿಕ್ಕಪ್ಪ ಎರಡು ವಾರ ಮುಖ ಕೊಟ್ಟು ಮಾತಾಡಲಿಲ್ಲ.

ಅದಕ್ಕೆ ಮೊದಲು ನಾನು ಸುಟ್ಟ ದುಡ್ಡು ಕಡಿಮೆಯೇನಲ್ಲ. ಮೊದಲ ಸಲ 'ಶುಚಿ ರುಚಿಗೆ ಮತ್ತೊಂದು ಹೆಸರು' ಅಂತ ಫ್ಲೆಕ್ಸ್ ಹಾಕಿಸಿದೆ. ಎದುರಿನ ಮೆಸ್ಸಿನ ಬೋರ್ಡಿನಲ್ಲೂ ಅದೇ ಸಾಲು ಇದ್ದದ್ದು ಫ್ಲೆಕ್ಸ್ ಕಟ್ಟಿದ ದಿನವೇ ಕಣ್ಣಿಗೆ ಬಿತ್ತು! ಆಮೇಲೆ ಮಗನ ಮಾತು ಕೇಳಿ 'ಟೇಸ್ಟ್ ಆಫ್ ಟ್ರೆಡಿಷನ್' ಅಂತ ಐದು ಸಾವಿರ ಕವರ್ ಮಾಡಿಸಿದೆ. ಒಂಬತ್ತು ಸಾವಿರದ ಹತ್ತಿರ ಹೋಯಿತು. ಗೋಡೌನಿನಲ್ಲಿ ಇನ್ನೂ ಒಂದು ಕಟ್ಟು ಬಿದ್ದಿದೆ. ಮೂರನೆಯದು 'ಅಜ್ಜಿಯ ಕೈರುಚಿ'. ಒಬ್ಬ ತಾಯಿ ಬಂದು "ಎಲ್ಲಿ ನಿಮ್ಮಜ್ಜಿ?" ಅಂದರು. ಒಳಗೆ ಬಾಣಲೆ ಮುಂದೆ ಮೀಸೆ ಬಿಟ್ಟ ನಮ್ಮ ಭಟ್ಟರು ಚಕ್ಕುಲಿ ಒತ್ತುತ್ತಿದ್ದರು.

'ಶುದ್ಧ ತುಪ್ಪದ ತಿಂಡಿ' ಅಂತಲೂ ಯೋಚಿಸಿದ್ದೆ. ಮೈಸೂರು ಪಾಕಿಗೆ ಸರಿ, ನಿಪ್ಪಟ್ಟು ಕರಿಯುವುದು ಎಣ್ಣೆಯಲ್ಲಿ. ಅಲ್ಲದೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐನವರ 2018ರ ಜಾಹೀರಾತು ನಿಯಮದಲ್ಲಿ ಶುದ್ಧ, ತಾಜಾ, ಸಾಂಪ್ರದಾಯಿಕ ಎಂಬ ಮಾತುಗಳಿಗೆಲ್ಲ ಷರತ್ತು ಇದೆ. ಬೇಡ ಅಂತ ಬಿಟ್ಟೆ.

2024ರಲ್ಲಿ ಬೋರ್ಡಿನಲ್ಲಿ ಶೇ 60 ಕನ್ನಡ ಇರಲೇಬೇಕು ಅಂತ ಬಿಗಿಯಾಯಿತಲ್ಲ, ಹೇಗೂ ಬೋರ್ಡು ಬದಲಿಸಬೇಕಿತ್ತು. ಈ ಸಲ ಏನನ್ನೂ ನಾನಾಗಿ ಹೊಸೆಯಲಿಲ್ಲ. ಸಾಲದ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಹತ್ತು ದಿನ ಗಿರಾಕಿಗಳ ಮಾತನ್ನು ಅವರು ಆಡಿದ ಹಾಗೇ ಬರೆದಿಟ್ಟೆ. 'ಶುಚಿ' ಅಂತ ಒಬ್ಬರೂ ಅನ್ನಲಿಲ್ಲ. 'ಬಿಸಿ ಬಂತಾ', 'ಇವತ್ತಿಂದಾ', 'ಗರಿಗರಿ ಇದೆಯಾ', ಇವೇ ಮತ್ತೆ ಮತ್ತೆ. ಸಂಜೆ ಬರುವ ಒಬ್ಬ ನಿವೃತ್ತ ಮೇಷ್ಟ್ರಂತೂ ಮಾತೇ ಆಡುತ್ತಿರಲಿಲ್ಲ. ಒಂದು ಕೋಡುಬಳೆ ಎತ್ತಿ ಕಿವಿ ಹತ್ತಿರ ಹಿಡಿದು ಪಟ್ಟಂತ ಮುರಿಯುವರು, ಆಮೇಲೆ "ಕಾಲು ಕೆಜಿ ತೂಗಪ್ಪ" ಎನ್ನುವರು. ಸಾಲು ಅಲ್ಲೇ ಇತ್ತು, ನಾನು ಎತ್ತಿಕೊಂಡೆ.

ಮೊದಲು 'ಮುರಿದು ನೋಡಿ, ಮರಳಿ ಬನ್ನಿ' ಅಂತ ಪ್ರಾಸ ಕಟ್ಟಿದ್ದೆ. ಕಿವಿಗೆ ಚೆನ್ನ, ಆದರೆ 'ಮರಳಿ ಬನ್ನಿ' ಪ್ರತಿ ಊರ ಬಾಗಿಲಲ್ಲೂ ಇದೆ. ಅದನ್ನು ಕಿತ್ತು 'ತೂಗಿಸಿ' ಹಾಕಿದೆ. ಒತ್ತಕ್ಷರ ಒಂದೂ ಇಲ್ಲ, ನೋಡಿ. ಇದು ಸುಮ್ಮನೆ ಬಂದದ್ದಲ್ಲ. 'ಸಾಂಪ್ರದಾಯಿಕ' ಅಂತ ರಬ್ಬರ್ ಸ್ಟಾಂಪ್ ಮಾಡಿಸಿ ಕಾಗದದ ಪೊಟ್ಟಣಕ್ಕೆ ಒತ್ತಿ ನೋಡಿದ್ದೆ, ಇಂಕು ಒತ್ತಿನೊಳಗೆ ತುಂಬಿ ಕಪ್ಪು ಗುಡ್ಡೆಯಾಯಿತು. ಸ್ಕೂಟರಿನಲ್ಲಿ ಹೋಗುವವರಿಗೆ ರಸ್ತೆಯಾಚೆಯಿಂದ ಕಾಣುವುದೂ ಹಾಗೇ. ಎಂಟು ಅಕ್ಷರವಾದರೆ ಅದೇ ಅಗಲದ ಬೋರ್ಡಿನಲ್ಲಿ ಇನ್ನಷ್ಟು ದಪ್ಪ ಬರೆಸಬಹುದು.

ಬರೆಸುವ ಮೊದಲು ಹತ್ತು ಹನ್ನೆರಡು ಗಿರಾಕಿಗಳಿಗೆ ಫೋನಿನಲ್ಲಿ ಎರಡು ಸಾಲು ಹೇಳಿದೆ. ಮೂರು ದಿನ ಬಿಟ್ಟು ಕೇಳಿದರೆ 'ಕೈರುಚಿ' ನೆನಪಿದ್ದವರು ಇಬ್ಬರು, 'ಮುರಿದು ನೋಡಿ' ಎಂದವರು ಎಂಟೋ ಒಂಬತ್ತೋ. ಯಾರಿಗೆ ಫೋನ್ ಮಾಡಬೇಕು ಅನ್ನುವುದರಲ್ಲಿ ಒಂದು ಗುಟ್ಟಿದೆ, ಅದು ನನ್ನಲ್ಲೇ ಇರಲಿ.

ಬೋರ್ಡು ಎದ್ದ ಮೇಲೆ ತಟ್ಟೆಯಲ್ಲಿ ಡಬ್ಬದ ತಳದ ಚೂರು ಇಟ್ಟೆ, ಉಳಿತಾಯ ಅಂತ. ಜನ ಮುಟ್ಟಲಿಲ್ಲ. ಚೂರು ಕಂಡರೆ ನಿನ್ನೆಯ ಮಾಲು ಅಂದುಕೊಳ್ಳುತ್ತಾರೆ. ಇಡೀ ಕೋಡುಬಳೆ ಇಟ್ಟ ಮೇಲೆ ದಿನಕ್ಕೆ ಕಾಲು ಕೆಜಿ ಮುರಿಯುವುದರಲ್ಲೇ ಹೋಗುತ್ತದೆ. ಆದರೆ ಆರೇಳು ಕೆಜಿ ಇದ್ದ ಖಾರದ ವ್ಯಾಪಾರ ಹತ್ತರ ಹತ್ತಿರ ಬಂದಿದೆ.

ಈ ಸಾಲೇ ಜುಲೈನಲ್ಲಿ ನನ್ನ ಮಾನ ಕಳೆಯಿತು. ಮಳೆಗಾಲದ ತೇವಕ್ಕೆ ನಿಪ್ಪಟ್ಟು ಮೆತ್ತಗಾಗಿ, "ಸದ್ದೇ ಬರಲಿಲ್ಲವಲ್ಲ ಸ್ವಾಮಿ" ಅಂತ ಒಬ್ಬರು ತಟ್ಟೆಯಲ್ಲೇ ಇಟ್ಟು ಹೋದರು. ಈಗ ಮಳೆಗಾಲದಲ್ಲಿ ಮಾಲನ್ನು ಒಟ್ಟಿಗೆ ಕರಿಸದೆ ಅರ್ಧರ್ಧವಾಗಿ ಕರಿಸುತ್ತೇನೆ, ಬ್ರೆಡ್ ತೆಗೆದ ಮೇಲೆ ಉಳಿಯುವ ಓವನ್ ಕಾವಿನಲ್ಲಿ ಹಿಂದಿನ ದಿನದ್ದನ್ನು ಒಮ್ಮೆ ಬೆಚ್ಚಗೆ ಮಾಡುತ್ತೇನೆ. ದಮ್ರೋಟಿಗೂ ಬೇರೆ ಸಾಲು ಮಾಡಲು ಹೋಗಿದ್ದೆ, 'ಒತ್ತಿ ನೋಡಿ' ಅಂತ. ಮಕ್ಕಳು ಒಂದೊಂದು ತುಂಡಿಗೂ ಬೆರಳು ಒತ್ತಿ ಹೋದರು, ಎರಡೇ ದಿನಕ್ಕೆ ಚೀಟಿ ಕಿತ್ತೆ.

ಕಳೆದ ತಿಂಗಳು ಪಕ್ಕದ ರಸ್ತೆಯ ಹೊಸ ಅಂಗಡಿಯವರು 'ಕಚ್ಚಿ ನೋಡಿ, ಕೊಳ್ಳಿ' ಅಂತ ಬರೆಸಿದ್ದಾರೆ. ಎಂಟು ಅಕ್ಷರವೂ ಇಲ್ಲ, ಆದರೆ ಒತ್ತು ಎರಡು. ಫೋಟೋ ತೆಗೆದು ಚಿಕ್ಕಪ್ಪನಿಗೆ ಕಳಿಸಿದೆ. "ಅಂಗಡಿ ಬಾಗಿಲಿಗೇ ಕೊಳ್ಳಿ ಇಟ್ಟುಕೊಂಡರಲ್ಲೋ! ನಿನ್ನ ಮುರಿಯೇ ವಾಸಿ" ಅಂದರು.