ವರದಿಯ ನಾಲ್ಕು ರೋಗದ ನಾಲ್ಕನೇ ಹಂತವಲ್ಲ

ಸಂಕ್ರಾಂತಿ ಮುಗಿದ ವಾರ. ಕಲಬುರಗಿಯ ನಮ್ಮ ಸ್ಕ್ಯಾನಿಂಗ್ ಕೇಂದ್ರದ ಬಾಗಿಲಲ್ಲಿ ಆಳಂದ ಕಡೆಯ ಒಬ್ಬ ಯುವಕ ನನ್ನನ್ನು ತಡೆದು ನಿಲ್ಲಿಸಿದ. ಕೈಯಲ್ಲಿ ನಾನೇ ಸಹಿ ಮಾಡಿದ ವರದಿ. “ಮೇಡಂ, ನಾಲ್ಕು ಎಂದು ಬರೆದಿದ್ದೀರಿ. ಕೊನೆಯ ಸ್ಟೇಜ್ ಅಲ್ಲವೇ? ಅವ್ವನಿಗೆ ಮಾತ್ರ ಹೇಳಬೇಡಿ” ಎಂದ. ಆತನ ದನಿ ನಡುಗುತ್ತಿತ್ತು.

ನಾನು ಬರೆದದ್ದು ‘ಬೈ-ರ್ಯಾಡ್ಸ್ 4ಬಿ’ ಎಂದು. ಸ್ತನದ ಚಿತ್ರ ನೋಡಿ ಕ್ಯಾನ್ಸರಿನ ಅನುಮಾನ ಎಷ್ಟಿದೆ ಎಂದು ಸೂಚಿಸಲು ನಾವು ಬರೆಯುವ ಅಂಕಿ ಅದು. ಆಗ ನಮ್ಮಲ್ಲಿ ವರದಿಯನ್ನು ಕೌಂಟರಿನಲ್ಲಿ ಕೊಟ್ಟು ಕಳುಹಿಸುವುದೇ ರೂಢಿಯಾಗಿತ್ತು. ಆ ಅಂಕಿಯನ್ನು ಓದುವವರು ಏನೆಂದು ಓದಿಕೊಳ್ಳುತ್ತಾರೆ ಎಂಬುದು ನನಗೆ ಮನದಟ್ಟಾದದ್ದು ಅವತ್ತೇ.

ತಾಯಿಗೆ 46 ವರ್ಷ. ತೊಗರಿ ರಾಶಿಯ ದಿನಗಳಲ್ಲಿ ಸ್ನಾನ ಮಾಡುವಾಗ ಎಡ ಸ್ತನದಲ್ಲಿ, ಕಂಕುಳಿನ ಕಡೆಗೆ, ಸಣ್ಣ ಬಾರೆಹಣ್ಣಿನಷ್ಟು ಗಂಟು ಕೈಗೆ ಸಿಕ್ಕಿತ್ತು. ನೋವಿರಲಿಲ್ಲವಾದ್ದರಿಂದ ರಾಶಿ ಮುಗಿಯುವವರೆಗೆ ಸುಮ್ಮನಿದ್ದರು.

ಮೊದಲು ಮ್ಯಾಮೊಗ್ರಾಮ್ ಮಾಡಿದೆವು. ಪ್ರತಿ ಸ್ತನಕ್ಕೆ ಎರಡು ಚಿತ್ರ, ಒಂದು ಮೇಲಿನಿಂದ, ಇನ್ನೊಂದು ಓರೆಯಾಗಿ. ಮ್ಯಾಮೊಗ್ರಾಮಿನಲ್ಲಿ ಕೊಬ್ಬು ಕಪ್ಪಾಗಿ ಕಾಣುತ್ತದೆ, ಹಾಲಿನ ಗ್ರಂಥಿಗಳು ಬೆಳ್ಳಗೆ ಕಾಣುತ್ತವೆ. ಗಂಟು ಕೂಡ ಬೆಳ್ಳಗೇ ಕಾಣುತ್ತದೆ. ಈಕೆಯ ಸ್ತನದಲ್ಲಿ ಗ್ರಂಥಿಯ ಭಾಗ ದಟ್ಟವಾಗಿದ್ದುದರಿಂದ ಗಂಟಿನ ಅರ್ಧ ಅಂಚು ಆ ಬಿಳುಪಿನೊಳಗೆ ಕರಗಿಹೋಗಿತ್ತು. ಅಷ್ಟನ್ನೇ ನೋಡಿ ವರದಿ ಬರೆದಿದ್ದರೆ ‘ಸೊನ್ನೆ’ ಎಂದು ಬರೆಯಬೇಕಿತ್ತು. ಸೊನ್ನೆ ಎಂದರೆ ಏನೂ ಇಲ್ಲವೆಂದಲ್ಲ, ಪರೀಕ್ಷೆ ಇನ್ನೂ ಪೂರ್ತಿಯಾಗಿಲ್ಲ ಎಂದು. ಈ ಸೊನ್ನೆಯನ್ನು ಶುಭಸುದ್ದಿ ಎಂದುಕೊಂಡು ಊರಿಗೆ ಮರಳಿದವರನ್ನು ನಾನು ಕಂಡಿದ್ದೇನೆ. ಅದಕ್ಕಾಗಿಯೇ ಅದೇ ದಿನ ಅಲ್ಟ್ರಾಸೌಂಡ್ ಕೂಡ ಮಾಡಿ, ಎರಡನ್ನೂ ಸೇರಿಸಿ ಒಂದೇ ಅಂಕಿ ಬರೆಯುತ್ತೇನೆ.

ಅಲ್ಟ್ರಾಸೌಂಡಿನಲ್ಲಿ ಗಂಟು ಕಪ್ಪಾಗಿ, ಸ್ಪಷ್ಟವಾಗಿ ಕಂಡಿತು. ಅಗಲ 14 ಮಿಲಿಮೀಟರ್, ಎತ್ತರ 9. ಅಗಲಕ್ಕೆ ಮಲಗಿರುವ ಗಂಟು ಎತ್ತರಕ್ಕೆ ನಿಂತಿರುವ ಗಂಟಿಗಿಂತ ಸಮಾಧಾನ ತರುತ್ತದೆ, ಏಕೆಂದರೆ ನಿರಪಾಯದ ಗಂಟು ಸಾಮಾನ್ಯವಾಗಿ ಅಂಗಾಂಶದ ಪದರಗಳ ನಡುವೆಯೇ ಬೆಳೆಯುತ್ತದೆ, ಪದರ ದಾಟಿ ಮೇಲೇಳುವುದಿಲ್ಲ. ಆದರೆ ಅಂಚಿನ ಸುತ್ತ ಪ್ರೋಬನ್ನು ನಿಧಾನವಾಗಿ ತಿರುಗಿಸಿದಾಗ ಒಂದು ಕಡೆ, ಸುಮಾರು ಮೂರನೇ ಒಂದು ಭಾಗದಷ್ಟು, ಗೆರೆ ಮಸುಕಾಗಿತ್ತು. ಗಂಟು ಎಲ್ಲಿ ಮುಗಿಯಿತು, ಪಕ್ಕದ ಅಂಗಾಂಶ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗುತ್ತಿರಲಿಲ್ಲ. ಕಂಕುಳಿನ ಗ್ರಂಥಿಗಳು ಸಹಜವಾಗಿದ್ದವು.

ನಾನು ನಿರ್ಧರಿಸಿದ್ದು ಆ ಮಸುಕಾದ ಅಂಚಿನ ಮೇಲೆ. ಮೊಟ್ಟೆಯಾಕಾರದ ಗಂಟಿಗೆ ಅಂಚು ಸುತ್ತಲೂ ಚೂಪಾಗಿ ಕಂಡಿದ್ದರೆ ಮೂರು ಎಂದು ಬರೆಯಬಹುದಿತ್ತು. ಮೂರು ಎಂದರೆ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ 2ಕ್ಕಿಂತ ಹೆಚ್ಚಿಲ್ಲ. ಆರು ತಿಂಗಳಿಗೆ ಮತ್ತೆ ನೋಡಿದರೆ ಸಾಕು. ಗಂಟು ಮುಳ್ಳುಮುಳ್ಳಾಗಿ, ಎತ್ತರಕ್ಕೆ ನಿಂತು, ಹಿಂದೆ ನೆರಳು ಚೆಲ್ಲಿದ್ದರೆ ಐದು. ಅಲ್ಲಿ ಸಾಧ್ಯತೆ ನೂರಕ್ಕೆ 95 ಅಥವಾ ಅದಕ್ಕಿಂತ ಹೆಚ್ಚು. ಈ ಎರಡರ ನಡುವಿನ ಇಡೀ ಬಯಲೇ ನಾಲ್ಕು. ಅದು ತೀರಾ ವಿಶಾಲವಾದ್ದರಿಂದ ಮೂರು ಭಾಗ ಮಾಡಿದ್ದಾರೆ. 4ಎ ಎಂದರೆ ನೂರಕ್ಕೆ 2ರಿಂದ 10, 4ಬಿ ಎಂದರೆ 10ರಿಂದ 50, 4ಸಿ ಎಂದರೆ 50ರಿಂದ 95. ಬರಿಯ ನಾಲ್ಕು ಎಂದು ಬರೆದು ಬಿಡುವ ವರದಿ ನನಗೆ ಒಪ್ಪಿಗೆಯಿಲ್ಲ. 4ಎ ಬಂದವರಲ್ಲಿ ಬಹುಪಾಲು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ, 4ಸಿ ಬಂದವರಲ್ಲಿ ಹೆಚ್ಚಿನವರಿಗೆ ಇರುತ್ತದೆ. ಇಬ್ಬರೂ ಅದೇ ಅಂಕಿ ಹಿಡಿದು, ಅದೇ ಭಯದಲ್ಲಿ ಮನೆಗೆ ಹೋಗುವಂತಾಗಬಾರದು.

ಇದನ್ನೇ ಆ ಯುವಕನನ್ನು ಬೆಂಚಿನ ಮೇಲೆ ಕೂರಿಸಿ ಹೇಳಿದೆ. ಹಂತ ಎನ್ನುವುದು ಕ್ಯಾನ್ಸರ್ ಎಂದು ಖಚಿತವಾದ ಮೇಲೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಗಡ್ಡೆಯ ಗಾತ್ರ, ಕಂಕುಳಿನ ಗ್ರಂಥಿ, ಬೇರೆ ಅಂಗಗಳಿಗೆ ಹರಡಿದೆಯೇ ಎಂಬುದನ್ನು ನೋಡಿ ಅದನ್ನು ನಿರ್ಧರಿಸುತ್ತಾರೆ. ನನ್ನ ಅಂಕಿ ಹೇಳುವುದು ಅನುಮಾನ ಎಷ್ಟು ಎಂಬುದನ್ನು ಮಾತ್ರ. “ನಿಮ್ಮ ತಾಯಿಯಂತಹ ನೂರು ಚಿತ್ರಗಳಲ್ಲಿ ಕನಿಷ್ಠ ಅರ್ಧದಷ್ಟು ಕ್ಯಾನ್ಸರ್ ಅಲ್ಲದವೇ ಇರುತ್ತವೆ. ಆದರೆ ಸೂಜಿ ಪರೀಕ್ಷೆಯಿಲ್ಲದೆ ಬಿಡುವಂತಿಲ್ಲ” ಎಂದೆ. ಅಷ್ಟರಲ್ಲಿ ತಾಯಿ ಸೆರಗು ಹೊದ್ದುಕೊಂಡು ಹೊರಗೆ ಬಂದಿದ್ದರು. “ನನ್ನ ಮೈಯ ಮಾತನ್ನು ನನಗೇ ಹೇಳಿ, ಡಾಕ್ಟರ್” ಎಂದರು. ಎಲ್ಲವನ್ನೂ ಅವರಿಗೆ ಮೊದಲಿನಿಂದ ಹೇಳಿದೆ.

ಊರಿನಲ್ಲಿ ಅವರಿಗೆ ಇನ್ನೊಂದು ಮಾತು ಕಿವಿಗೆ ಬಿದ್ದಿತ್ತು: ಸೂಜಿ ಚುಚ್ಚಿದರೆ ಗಡ್ಡೆ ಕೆರಳಿ ಮೈಯೆಲ್ಲಾ ಹರಡುತ್ತದೆ, ಪೂರ್ತಿ ಕೊಯ್ದು ತೆಗೆಸುವುದೇ ಲೇಸು. ಈ ನಂಬಿಕೆ ನಮ್ಮ ಕಡೆ ಬಲವಾಗಿದೆ, ಮತ್ತು ಅದರಿಂದಾಗುವ ಹಾನಿ ದೊಡ್ಡದು. ಬಯಾಪ್ಸಿಯಿಂದ ರೋಗ ಮೈಯೆಲ್ಲಾ ಹರಡುವುದಿಲ್ಲ. ಏನೆಂದು ತಿಳಿಯದೆ ಗಡ್ಡೆ ಕೊಯ್ದರೆ ಮಾತ್ರ ಕಷ್ಟ: ಅದು ಕ್ಯಾನ್ಸರ್ ಆಗಿದ್ದರೆ ಸುತ್ತಲಿನ ಅಂಚು ಸಾಲದೆ, ಕಂಕುಳನ್ನು ಪರಿಶೀಲಿಸದೆ, ಎರಡನೇ ಸಲ ಶಸ್ತ್ರಚಿಕಿತ್ಸೆಗೆ ಮಲಗಬೇಕಾಗುತ್ತದೆ.

ಮೂರನೇ ದಿನ ಬಯಾಪ್ಸಿ ಮಾಡಿದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿಲ್ಲ ಎಂದು ಮೊದಲೇ ಕೇಳಿ ತಿಳಿದುಕೊಂಡಿದ್ದೆ. ಚರ್ಮಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸ್ಕ್ಯಾನ್ ನೋಡುತ್ತಲೇ 14 ಗೇಜಿನ ಸೂಜಿಯಿಂದ ಗಂಟಿನ ಅಂಗಾಂಶದ ಐದು ಎಳೆ ತೆಗೆದೆ. ಪ್ರತಿ ಸಲ ‘ಟಕ್’ ಎಂಬ ಶಬ್ದ ಬರುತ್ತದೆ. ಅದನ್ನು ಮುಂಚೆಯೇ ಕೇಳಿಸಿ ತೋರಿಸಿದರೆ ರೋಗಿ ಬೆಚ್ಚುವುದಿಲ್ಲ. ಸೂಜಿ ಗಂಟಿನೊಳಗೇ ಇರುವ ಚಿತ್ರವನ್ನು ಉಳಿಸಿಕೊಂಡೆ. ಬರಿಯ ಜೀವಕೋಶ ಹೀರುವ ಸಣ್ಣ ಸೂಜಿ ನನಗೆ ಇಲ್ಲಿ ಸಾಲದು. ಕ್ಯಾನ್ಸರ್ ನಾಳದೊಳಗೇ ಇದೆಯೋ ಹೊರಗೆ ನುಗ್ಗಿದೆಯೋ ಎಂದು ಹೇಳಲು ಅಂಗಾಂಶದ ಎಳೆಯೇ ಬೇಕು.

ಫಲಿತಾಂಶ ಬರುವ ಮೊದಲು ನಾನು ಒಂದು ಕೆಲಸ ಮಾಡುತ್ತೇನೆ. ಯಾವ ಉತ್ತರ ಬಂದರೆ ಒಪ್ಪುತ್ತೇನೆ, ಯಾವುದನ್ನು ಒಪ್ಪುವುದಿಲ್ಲ ಎಂದು ಬರೆದಿಡುತ್ತೇನೆ. ಇಲ್ಲಿ ಕ್ಯಾನ್ಸರ್ ಎಂದು ಬಂದರೂ ಒಪ್ಪುತ್ತಿದ್ದೆ, ಫೈಬ್ರೊಅಡಿನೋಮ ಎಂಬ ನಿರಪಾಯದ ಗಂಟು ಎಂದು ಬಂದರೂ ಒಪ್ಪುತ್ತಿದ್ದೆ. ಬರಿಯ ‘ಸಹಜ ಸ್ತನದ ಅಂಗಾಂಶ’ ಎಂದು ಬಂದಿದ್ದರೆ ಒಪ್ಪುತ್ತಿರಲಿಲ್ಲ. ಸಹಜ ಅಂಗಾಂಶ ಗಂಟಾಗಿ ಕಾಣುವುದಿಲ್ಲ, ಸೂಜಿ ಗುರಿ ತಪ್ಪಿದೆ ಎಂದರ್ಥ. ಹಿಂದೆ ಐದು ಎಂದು ನಾನು ಬರೆದಿದ್ದ ಒಬ್ಬರಿಗೆ ಬೇರೆಡೆ ಬಯಾಪ್ಸಿಯಾಗಿ ‘ಕ್ಯಾನ್ಸರ್ ಇಲ್ಲ’ ಎಂದು ಬಂದಿತ್ತು. ಮನೆಯವರು ಸಿಹಿ ಹಂಚಿದ್ದರು. ಚಿತ್ರಕ್ಕೂ ಉತ್ತರಕ್ಕೂ ತಾಳೆಯಾಗಲಿಲ್ಲ. ಅವರನ್ನು ಮತ್ತೆ ಕರೆಸಿ ಎರಡನೇ ಸಲ ಎಳೆ ತೆಗೆದಾಗ ಕ್ಯಾನ್ಸರ್ ಸಿಕ್ಕಿತು.

ಆಳಂದದ ತಾಯಿಯ ಉತ್ತರ ಎಂಟನೇ ದಿನ ಬಂತು: ಕ್ಯಾನ್ಸರ್. ಆ ಮಾತನ್ನು ಅವರ ಎದುರಿಗೇ ಕುಳಿತು ಹೇಳಿದೆ. ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆ 1.5 ಸೆಂಟಿಮೀಟರ್ ಇತ್ತು, ಕಂಕುಳಿನ ಗ್ರಂಥಿಗಳಲ್ಲಿ ರೋಗ ಇರಲಿಲ್ಲ. ತಿಂಗಳ ನಂತರ ಮಗ ಆಸ್ಪತ್ರೆಯ ಹಾಳೆ ತಂದು ನನ್ನ ಹಳೆಯ ವರದಿಯ ಪಕ್ಕದಲ್ಲಿಟ್ಟ. ಒಂದರಲ್ಲಿ 4ಬಿ, ಇನ್ನೊಂದರಲ್ಲಿ ಹಂತ 1.

ಅಂದಿನಿಂದ ನನ್ನ ಪ್ರತಿ ಸ್ತನ ವರದಿಯ ಕೊನೆಗೆ ಕನ್ನಡದಲ್ಲಿ ಎರಡು ಸಾಲು ಇರುತ್ತವೆ: “ಮೇಲಿನ ಅಂಕಿ ರೋಗದ ಹಂತವಲ್ಲ. ಮುಂದೆ ಏನು ಮಾಡಬೇಕು ಎಂಬುದನ್ನು ಅದು ಸೂಚಿಸುತ್ತದೆ.” 4 ಅಥವಾ 5 ಬಂದ ವರದಿ ಈಗ ಕೌಂಟರಿಗೆ ಹೋಗುವುದಿಲ್ಲ. ನಾನೇ ಕೊಡುತ್ತೇನೆ, ಆ ಹೆಣ್ಣುಮಗಳ ಕೈಗೇ.