ಸ್ಟೂಡೆಂಟ್‌ಗಳಿಗೆ ಫ್ಲ್ಯಾಟ್: ಲಾಕ್‌ಇನ್ ಲೆಕ್ಕ ಕೊನೆಗೂ ಸರಿಹೋಯಿತು

ತುಮಕೂರಿನ ಬಟವಾಡಿ ಕಡೆ ಓನರ್‌ಗಳೆಲ್ಲ ಹೇಳುತ್ತಿದ್ದದ್ದು ಒಂದೇ: ಇಷ್ಟು ತಿಂಗಳು ಮನೆ ಬಿಡಬಾರದು ಅಂತ ಹುಡುಗರಿಗೆ ಲಾಕ್‌ಇನ್ ಹಾಕಿ ಪ್ರಯೋಜನವಿಲ್ಲ, ನಡುವೆ ಒಬ್ಬ ಎದ್ದು ಹೋಗೇ ಹೋಗುತ್ತಾನೆ. ಹೋಗುವುದು ನಿಜ. ಆದರೆ ಈಗಿನ ಕರಾರಿನಲ್ಲಿ ಅದರಿಂದ ನನಗೆ ನಷ್ಟವಾಗುತ್ತಿಲ್ಲ.

ಮೊದಲು ಕೆಟ್ಟಿದ್ದು ಎರಡು ಕಡೆ. ಅಡ್ವಾನ್ಸನ್ನು ತಲೆಗಿಷ್ಟು ಅಂತ ನಾಲ್ಕು ರಸೀದಿಯಲ್ಲಿ ಪಡೆದರೆ, ಬಿಡುವವನು ತನ್ನ ಪಾಲು ಕೇಳುತ್ತಾನೆ, ಉಳಿದ ಮೂವರು ಮುಕ್ಕಾಲು ಬಾಡಿಗೆ ಮಾತ್ರ ಕೊಡುತ್ತಾರೆ. ಇನ್ನೊಂದು, 'ಲಾಕ್‌ಇನ್ ಮುರಿದರೆ ಪೂರ್ತಿ ಅಡ್ವಾನ್ಸ್ ಮುಟ್ಟುಗೋಲು' ಎಂಬ ಷರತ್ತು. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಸಿಗುವುದು ನ್ಯಾಯಯುತ ಪರಿಹಾರ ಮಾತ್ರ, ಬರೆದ ಮೊತ್ತ ಅದರ ಗರಿಷ್ಠ ಮಿತಿಯಷ್ಟೇ. ಯಾರಾದರೂ ಅಪ್ಪ ವಕೀಲರನ್ನು ಕರೆತಂದರೆ ಆ ಸಾಲು ನಿಲ್ಲುವುದಿಲ್ಲ.

ಈಗ ಬಾಡಿಗೆ ಇಡೀ ಫ್ಲ್ಯಾಟಿಗೆ ಒಂದು ಮೊತ್ತ, ಸುಮಾರು 16,000. ಅಡ್ವಾನ್ಸ್ 80,000, ಅದೂ ಒಂದೇ ಮೊತ್ತ. ನಾಲ್ವರೂ 'ಒಟ್ಟಾಗಿಯೂ ಪ್ರತ್ಯೇಕವಾಗಿಯೂ ಹೊಣೆ' ಎಂಬ ಸಾಲು ಬೇಕೇ ಬೇಕು. ಅವಧಿ ಆಗಸ್ಟಿನಿಂದ 11 ತಿಂಗಳು, ಲಾಕ್‌ಇನ್ ಮೊದಲ ಆರು. ನಡುವೆ ಬಿಟ್ಟವನ ಅಡ್ವಾನ್ಸ್ ಪಾಲನ್ನು ನಾನು ಕೊಡುವುದಿಲ್ಲ, ಬದಲಿಗೆ ಬರುವವನು ಕೊಡುತ್ತಾನೆ. ಬದಲಿ ಬರುವ ತನಕದ ಬಾಡಿಗೆ ಪಾಲು ಬಿಟ್ಟವನ ತಲೆಗೆ, ಹೆಚ್ಚೆಂದರೆ ಎರಡು ತಿಂಗಳದ್ದು.

ನವೆಂಬರ್ ಕೊನೆಗೆ ಒಬ್ಬ ಬಿಟ್ಟ, ಜನವರಿ 1ಕ್ಕೆ ಬದಲಿ ಬಂದ ಅಂದುಕೊಳ್ಳಿ. ಹೊಸಬ ತರುವ 20,000ದಲ್ಲಿ 4,000 ಡಿಸೆಂಬರ್ ಪಾಲಿಗೆ ನನಗೆ, 16,000 ಬಿಟ್ಟವನಿಗೆ. ನನ್ನ ಹತ್ತಿರದ 80,000 ಅಲುಗುವುದಿಲ್ಲ. ಹಾಗಾಗಿ ಬದಲಿ ಹುಡುಗನನ್ನು ಬಿಡುವವನೇ ಓಡಾಡಿ ಹುಡುಕುತ್ತಾನೆ, ಬ್ರೋಕರ್ ಖರ್ಚೂ ಉಳಿಯಿತು. ಹೊಸಬನನ್ನು ಸೇರಿಸುವಾಗ ಮಾತ್ರ ಪೂರಕ ಪತ್ರಕ್ಕೆ ಐವರ ಸಹಿಯೂ ಬೇಕು. ಬಿಟ್ಟವನ ಸಹಿ ತಪ್ಪಿದರೆ ಅವನು ಮತ್ತೆ ಪಾಲು ಕೇಳಿಕೊಂಡು ಬರುತ್ತಾನೆ.

ಫಸ್ಟ್ ಇಯರ್‌ನವರ ಆಧಾರ್‌ನಲ್ಲಿ ಹುಟ್ಟಿದ ದಿನಾಂಕ ನೋಡಿ. 18 ತುಂಬದವನ ಸಹಿಗೆ ಕರಾರಿನಲ್ಲಿ ಬೆಲೆಯಿಲ್ಲ, ಆದ್ದರಿಂದ ತಂದೆ ಅಥವಾ ತಾಯಿಯೇ ಪಾರ್ಟಿ ಆಗಬೇಕು. ದೂರದ ಊರಿನ ಪೋಷಕರಿಂದ ಬೇಗ ಸಹಿ ತರಿಸುವ ನನ್ನ ದಾರಿ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ತಲೆಬರಹದಲ್ಲಿ ಲೀವ್ ಅಂಡ್ ಲೈಸೆನ್ಸ್, ಅಂದರೆ ಸ್ವಾಧೀನ ಕೊಡದೆ ವಾಸಕ್ಕೆ ಬರೀ ಅನುಮತಿ, ಅಂತ ಬರೆದರೆ ಸಾಲದು. 1959ರ ಅಸೋಸಿಯೇಟೆಡ್ ಹೋಟೆಲ್ಸ್ ತೀರ್ಪಿನಿಂದಲೂ ಕೋರ್ಟ್ ನೋಡುವುದು ಒಳಗಿನ ಷರತ್ತು, ಸ್ವಾಧೀನ ಯಾರದು ಅನ್ನುವುದು. ಅದಕ್ಕೇ ಒಂದು ಬೀಗದ ಕೈ ನನ್ನ ಬಳಿ, ಒಂದು ದಿನ ಮೊದಲು ತಿಳಿಸಿ ಒಳಗೆ ಬರುವ ಹಕ್ಕು ಕರಾರಿನಲ್ಲಿ.

ಮನೆ ನಿಯಮಗಳಲ್ಲಿ ದಂಡ ಇಟ್ಟು ನೋಡಿದೆ, ತಡರಾತ್ರಿ ಗಲಾಟೆಗೆ 500 ಅಂತ. ವಸೂಲಾಗಲಿಲ್ಲ, ಜಗಳವಷ್ಟೇ ಬೆಳೆಯಿತು. ಈಗ ಅನುಬಂಧದಲ್ಲಿ ನಾಲ್ಕೇ ನಿಯಮ: ರಾತ್ರಿ ತಂಗುವ ಅತಿಥಿ, ಟೆರೇಸ್, ಬೈಕ್ ನಿಲ್ಲಿಸುವ ಜಾಗ, ಸದ್ದು. ಎರಡು ಲಿಖಿತ ಎಚ್ಚರಿಕೆ, ಮೂರನೆಯದಕ್ಕೆ ಒಂದು ತಿಂಗಳ ನೋಟಿಸ್. ವಾಟ್ಸಾಪ್ ಸಂದೇಶವೂ ಲಿಖಿತವೇ ಅಂತ ಕರಾರಿನಲ್ಲೇ ಬರೆದಿದ್ದೇನೆ.

ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತೇವೆ ಅನ್ನುವುದನ್ನು ಒಳಬರುವ ದಿನವೇ ಅಂಕಿಯಲ್ಲಿ ಬರೆಯಿರಿ. ಅದೇ ಪುಟದಲ್ಲಿ ಬೆಸ್ಕಾಂ ಮೀಟರ್ ರೀಡಿಂಗ್, ಗೀಸರ್, ಫ್ಯಾನುಗಳ ಪಟ್ಟಿ, ಕೆಳಗೆ ನಾಲ್ವರ ಸಹಿ.