ಘಂಟೆ ಬಾರಿಸಿದರೆ ಸಾಲು, ತಟ್ಟೆ ನಡುಗಿದರೆ ಆಮೆ

ಬೆಂಕಿ ಬಿದ್ದಾಗ ಮಗು ಕೂಡಲೇ ಹೊರಗೆ ಹೋಗಬೇಕು. ಭೂಮಿ ನಡುಗುವಾಗ ನಡುಕ ನಿಲ್ಲುವವರೆಗೂ ಒಳಗೇ ಉಳಿಯಬೇಕು. ಈ ಎರಡು ವಿರುದ್ಧ ನಡೆಗಳನ್ನು ಒಂದೇ ದಿನ, ಒಂದೇ ಘಂಟೆಯ ಸದ್ದಿಗೆ ಕಲಿಸಿದರೆ ಆರೇಳು ವರ್ಷದ ಮಕ್ಕಳು ಎರಡನ್ನೂ ಬೆರೆಸಿಕೊಳ್ಳುತ್ತಾರೆ. ಆದ್ದರಿಂದ ಇವನ್ನು ಬೇರೆ ಬೇರೆ ವಾರಗಳಲ್ಲಿ, ಬೇರೆ ಬೇರೆ ಆಟಗಳಾಗಿ ಆಡಿಸಬೇಕು. ಉದಾಹರಣೆಗೆ, ಚಿತ್ರದುರ್ಗ ತಾಲ್ಲೂಕಿನ ಒಂದು ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯನ್ನು ಊಹಿಸಿಕೊಳ್ಳೋಣ: ಎರಡು ಕೊಠಡಿ, 24 ಮಕ್ಕಳು, ಇಬ್ಬರು ಶಿಕ್ಷಕರು, ಪಕ್ಕದಲ್ಲೇ ಬಿಸಿಯೂಟದ ಅಡುಗೆಮನೆ.

ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರ್ ಇರುವುದರಿಂದ ಬೆಂಕಿಯ ಆಟವೇ ಮೊದಲಾಗಲಿ. ಶಿಕ್ಷಕರು ಹಿಂದಿನ ದಿನ ಮಕ್ಕಳಂತೆ ಮೊಣಕಾಲೂರಿ ಬಾಗಿಲವರೆಗೆ ಹೋಗಿ ನೋಡುವುದು ಒಳ್ಳೆಯದು. ನಮ್ಮ ಶಾಲೆಗಳಲ್ಲಿ ಮಕ್ಕಳು ಚಪ್ಪಲಿಯನ್ನು ಹೊಸ್ತಿಲ ಎದುರೇ ಬಿಡುತ್ತಾರೆ. ಅವಸರದಲ್ಲಿ ಮೊದಲ ಮಗು ಅಲ್ಲಿ ಎಡವಿದರೆ ಹಿಂದಿನವರೆಲ್ಲ ಅದರ ಮೇಲೆ ಬೀಳುತ್ತಾರೆ. ಚಪ್ಪಲಿಯ ಸಾಲನ್ನು ಗೋಡೆಯ ಬದಿಗೆ ಸರಿಸುವುದೇ ಈ ಅಭ್ಯಾಸದ ಮೊದಲ ಹೆಜ್ಜೆ.

ಆಟದ ದಿನ ಬೆಳಿಗ್ಗೆಯೇ ಮಕ್ಕಳಿಗೆ ವಿಷಯ ತಿಳಿಸಬೇಕು. ಹೇಳದೆ ಕೇಳದೆ ಘಂಟೆ ಬಾರಿಸುವುದು, ನಿಜವಾದ ಹೊಗೆ ಹಾಕುವುದು, ಗಾಯಗೊಂಡವರಂತೆ ನಟಿಸುವುದು ಈ ವಯಸ್ಸಿನವರಿಗೆ ಬೇಡವೇ ಬೇಡ; ಹೆದರಿದ ಮಗುವಿಗೆ ಭಯ ನೆನಪಿರುತ್ತದೆ, ದಾರಿ ನೆನಪಿರುವುದಿಲ್ಲ. ಹೊಗೆಯ ಬದಲು ಇಬ್ಬರು ಹಿರಿಯರು ಒಂದು ಹಳೆಯ ಸೀರೆಯನ್ನು ನೆಲದಿಂದ ಸುಮಾರು ಎರಡೂವರೆ ಅಡಿ ಎತ್ತರದಲ್ಲಿ ಚಾಚಿ ಹಿಡಿಯಲಿ. ಬಿಸಿ ಹೊಗೆ ಮೇಲೇರುವುದರಿಂದ ಉಸಿರಾಡಬಹುದಾದ ಗಾಳಿ ಕೆಳಗೆ ಉಳಿದಿರುತ್ತದೆ. ಸೀರೆ ತಲೆಗೆ ತಾಗದಂತೆ ಅಂಬೆಗಾಲಿಟ್ಟು ಸಾಗಿದ ಮಗು ಇದನ್ನು ಮೈಯಿಂದಲೇ ಕಲಿಯುತ್ತದೆ. ಬಾಗಿಲು ದಾಟಿದ ಮೇಲೆ ಎದ್ದು, ಸಾಲಾಗಿ, ಓಡದೆ ಧ್ವಜಕಟ್ಟೆಗೆ ನಡೆಯಬೇಕು. ಬ್ಯಾಗು, ಟಿಫನ್ ಡಬ್ಬಿ ಯಾವುದಕ್ಕೂ ಹಿಂದಿರುಗುವಂತಿಲ್ಲ.

ಒಂದು ಎಚ್ಚರ ಇಲ್ಲಿ ಅಗತ್ಯ. ಬೆಂಕಿ ಕಂಡ ಚಿಕ್ಕ ಮಕ್ಕಳು ಬೀರುವಿನ ಹಿಂದೆಯೋ ಮೇಜಿನ ಕೆಳಗೋ ಅವಿತುಕೊಳ್ಳುವುದುಂಟು. ಹಾಗೆ ಅವಿತವರನ್ನು ಹೊಗೆಯಲ್ಲಿ ಹುಡುಕುವುದು ಬಹಳ ಕಷ್ಟ. ಆದ್ದರಿಂದ ಈ ಅಭ್ಯಾಸಕ್ಕೆ ಕಣ್ಣಾಮುಚ್ಚಾಲೆಯ ರೂಪ ಕೊಡಲೇಬಾರದು.

ಧ್ವಜಕಟ್ಟೆಯ ಬಳಿ ಹಾಜರಿ ಪುಸ್ತಕ ನೋಡಿ ಹೆಸರು ಕರೆಯಬೇಕು. ನಮ್ಮ ಶಾಲೆಯಲ್ಲಿ ಅಂದು 22 ಮಕ್ಕಳು ಹಾಜರಿದ್ದು, ಸಾಲಿನಲ್ಲಿ 21 ಮಂದಿ ಇದ್ದಾರೆ ಎಂದುಕೊಳ್ಳಿ, ಒಬ್ಬಳು ಶೌಚಾಲಯದಲ್ಲಿದ್ದಾಳೆ. ತಲೆ ಎಣಿಸಿದರೆ ಒಬ್ಬರು ಕಡಿಮೆ ಎಂದಷ್ಟೇ ತಿಳಿಯುತ್ತದೆ, ಹೆಸರು ಕರೆದರೆ ಯಾರು ಎಂಬುದೂ ತಿಳಿಯುತ್ತದೆ. ಶೌಚಾಲಯದಲ್ಲಿರುವವರು ತರಗತಿಗೆ ಮರಳದೆ ನೇರವಾಗಿ ಧ್ವಜಕಟ್ಟೆಗೆ ಬರಬೇಕೆಂಬ ನಿಯಮವನ್ನು ಆಟದಲ್ಲೇ ಸೇರಿಸಬೇಕು. ನಿಜವಾದ ಬೆಂಕಿಯಲ್ಲಿ ಒಬ್ಬ ಶಿಕ್ಷಕರು ಹೆಸರು ಕರೆಯುತ್ತಿರುವಾಗಲೇ ಇನ್ನೊಬ್ಬರು 101 ಅಥವಾ 112ಕ್ಕೆ ಕರೆ ಮಾಡಬೇಕು.

ಭೂಕಂಪದ ಆಟ ಬೇರೆಯೇ. ಚಿತ್ರದುರ್ಗ ಭೂಕಂಪದ ಅಪಾಯ ಕಡಿಮೆಯಿರುವ ಎರಡನೇ ವಲಯದಲ್ಲಿದೆ ಎಂಬುದು ನಿಜ. ಆದರೆ 1993ರ ಸೆಪ್ಟೆಂಬರ್ 30ರಂದು ಲಾತೂರಿನ ಕಿಲ್ಲಾರಿಯಲ್ಲಿ ಸಾವಿರಾರು ಜನರನ್ನು ಬಲಿ ಪಡೆದ ಭೂಕಂಪ ಸಂಭವಿಸಿದಾಗ, ಆ ಪ್ರದೇಶ ಅಂದಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲೇ ಇತ್ತು. ನಿಜವಾದ ಭೂಕಂಪದಲ್ಲಿ ಯಾರೂ ಘಂಟೆ ಬಾರಿಸುವುದಿಲ್ಲ, ನಡುಕವೇ ಸೂಚನೆ. ಆದ್ದರಿಂದ ಶಿಕ್ಷಕರು ಬಿಸಿಯೂಟದ ತಟ್ಟೆ ಲೋಟಗಳನ್ನು ಮೆಲ್ಲಗೆ ಗಲಗಲ ಅನ್ನಿಸಿ, ಸಮಾಧಾನದ ದನಿಯಲ್ಲಿ "ಆಮೆ" ಎನ್ನಲಿ.

ಮಕ್ಕಳು ಮೊಣಕಾಲೂರಿ ಬಾಗಿ, ಎರಡೂ ಕೈಗಳಿಂದ ತಲೆ ಮತ್ತು ಕತ್ತನ್ನು ಮುಚ್ಚಿಕೊಳ್ಳಬೇಕು. ಗಟ್ಟಿ ಡೆಸ್ಕ್ ಇದ್ದರೆ ಅದರ ಕೆಳಗೆ ಹೋಗಿ ಒಂದು ಕೈಯಿಂದ ಡೆಸ್ಕಿನ ಕಾಲನ್ನು ಹಿಡಿದುಕೊಳ್ಳಬೇಕು, ಡೆಸ್ಕ್ ಸರಿದರೆ ಅದರೊಡನೆ ತಾವೂ ಸರಿಯಬೇಕು. ನೆಲದ ಮೇಲೆ ಕುಳಿತು ಕಲಿಯುವ ನಲಿ–ಕಲಿ ಕೊಠಡಿಯಲ್ಲಿ ಡೆಸ್ಕ್ ಇಲ್ಲದಿದ್ದರೆ, ಕಿಟಕಿ ಮತ್ತು ಬೀರುವಿನಿಂದ ದೂರವಿರುವ ಒಳಗೋಡೆಯ ಬದಿಯನ್ನು ಸೀಮೆಸುಣ್ಣದಿಂದ ಗುರುತಿಸಿ ಅದನ್ನೇ ಆಮೆಯ ಮನೆಯಾಗಿಸಬಹುದು. ಎಲ್ಲರೂ ಒಟ್ಟಿಗೆ ನಿಧಾನವಾಗಿ ಮೂವತ್ತರವರೆಗೆ ಎಣಿಸಲಿ. ತಟ್ಟೆಯ ಸದ್ದು ಇನ್ನೂ ನಿಲ್ಲದಿದ್ದರೆ ಎಣಿಕೆಯನ್ನು ಮುಂದುವರಿಸಬೇಕು, ಏಕೆಂದರೆ ಹೊರಡಬೇಕಾದದ್ದು ನಡುಕ ನಿಂತ ಮೇಲೆಯೇ ಹೊರತು ಅಂಕಿ ಮುಗಿದ ಕೂಡಲೇ ಅಲ್ಲ. ಆಮೇಲೆ ಅದೇ ಸಾಲು, ಅದೇ ಧ್ವಜಕಟ್ಟೆ. ಆದರೆ ಆ ಜಾಗ ಕಾಂಪೌಂಡ್ ಗೋಡೆ, ವಿದ್ಯುತ್ ತಂತಿ ಮತ್ತು ಕಟ್ಟಡದಿಂದ ದೂರವಿರಬೇಕು. ಹತ್ತಿರವಿದ್ದರೆ ಮೈದಾನದ ನಡುವೆ ಬೇರೆ ಸ್ಥಳ ಗೊತ್ತು ಮಾಡಬೇಕು. ಅಲ್ಲಿ ನಿಂತಾಗ ಮತ್ತೊಮ್ಮೆ ತಟ್ಟೆ ನಡುಗಿಸಿ; ಮರುಕಂಪನಕ್ಕೆ ಮಕ್ಕಳು ಬಯಲಿನಲ್ಲೇ ಆಮೆಯಾಗಬೇಕು.

ಎರಡೂ ಆಟಗಳು ರೂಢಿಯಾದ ಮೇಲಷ್ಟೇ ಅವನ್ನು ಒಂದೇ ದಿನ ಆಡಿಸಿ, ಯಾವ ಸದ್ದು ಮೊದಲು ಬರುತ್ತದೆ ಎಂಬುದನ್ನು ಹೇಳದೆ ಪರೀಕ್ಷಿಸಬಹುದು. ತಟ್ಟೆಯ ಸದ್ದಿಗೆ ಒಂದು ಮಗುವಾದರೂ ಬಾಗಿಲಿನತ್ತ ಓಡಿದರೆ ಗದರಿಸದೆ, ಮುಂದಿನ ವಾರ ಆಮೆಯ ಆಟವನ್ನಷ್ಟೇ ಮತ್ತೆ ಆಡಿಸಬೇಕು.